ಒಂಬತ್ತು ಮಂದಿ "ಟೈಮ್ ಇಲ್ಲ" ಅಂದಿದ್ದರು: ಅಡಿಕೆ ಬೆಳೆಗಾರರ ಸಂದರ್ಶನಗಳಿಂದ ತೊಡಕು ಹೆಕ್ಕಿದ ಪ್ರಕರಣ

ಶಿವಮೊಗ್ಗದ ಒಂದು ಸಣ್ಣ ಕಂಪನಿ ಅಡಿಕೆ ತೋಟದ ಲೆಕ್ಕ ಇಡುವ ಆಪ್ ಮಾಡುತ್ತಿತ್ತು. ಕೆಲಸದವರ ಕೂಲಿ, ಅವರಿಗೆ ಕೊಟ್ಟ ಮುಂಗಡ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, ಮಂಡಿಗೆ ಹಾಕಿದ ಅಡಿಕೆ, ಇಷ್ಟು ಅದರಲ್ಲಿರಬೇಕಿತ್ತು. ಮಳೆಗಾಲದಲ್ಲಿ ಬೆಳೆಗಾರರು ಮನೆಯಲ್ಲಿ ಸಿಗುತ್ತಾರೆ ಎಂದು ತಂಡದ ಇಬ್ಬರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೋಗಿ 11 ಮನೆಗಳಲ್ಲಿ ಕೂತು ಮಾತಾಡಿಸಿದ್ದರು. ಎಲ್ಲವೂ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಒಂದೊಂದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ.

ಇಲ್ಲಿ ಬರುವವರ ಗುರುತು ಸಿಗದಂತೆ ಊರು, ತೋಟದ ಅಳತೆ, ಕುಟುಂಬದ ವಿವರಗಳನ್ನು ಬಿಟ್ಟಿದ್ದೇನೆ. ಮಾತುಗಳನ್ನು ಅವರ ಒಪ್ಪಿಗೆ ಪಡೆದೇ ಕೊಟ್ಟಿದ್ದೇನೆ.

ನನ್ನನ್ನು ಕರೆದಾಗ ತಂಡ ಅರ್ಧ ದಾರಿ ಸಾಗಿಯಾಗಿತ್ತು. ಸಂದರ್ಶನ ನಡೆಯುವಾಗ ಬರೆದುಕೊಂಡ ಟಿಪ್ಪಣಿಗಳಿಂದ ಒಂದು ಪ್ರೆಸೆಂಟೇಶನ್ ಸಿದ್ಧವಾಗಿತ್ತು. ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಮುಖ್ಯ ಪೇನ್ ಪಾಯಿಂಟ್, ಅಂದರೆ ಬೆಳೆಗಾರರನ್ನು ಕಾಡುವ ತೊಡಕು: "ಬರೆದಿಡಲು ಸಮಯವಿಲ್ಲ. 11ರಲ್ಲಿ 9 ಮಂದಿ." ಕೆಳಗೆ ಒಬ್ಬ ಬೆಳೆಗಾರರ ಮಾತು: "ಟೈಮೆಲ್ಲಿ ಸಿಗುತ್ತೆ. ಕೊಯ್ಲಲ್ಲಂತೂ ಕೇಳೋದೇ ಬೇಡ." ಪರಿಹಾರವೂ ಗೊತ್ತಾಗಿತ್ತು. ಬರೆಯಲು ಸಮಯವಿಲ್ಲದವರು ಬಾಯಲ್ಲಿ ಹೇಳಿದರೆ ಆಪ್ ತಾನೇ ಬರೆದುಕೊಳ್ಳಬೇಕು. ಅದಕ್ಕೆ ಎಷ್ಟು ಕೆಲಸ ಬೀಳುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಾಕಲು ಶುರು ಮಾಡಿದ್ದರು. ಈ ಪ್ರೆಸೆಂಟೇಶನ್‌ಗೆ ಇನ್ನೂ ನಾಲ್ಕೈದು ಒಳ್ಳೆಯ ಕೋಟ್ ಆರಿಸಿ ಕೊಡುವುದಷ್ಟೇ ನನಗೆ ವಹಿಸಿದ ಕೆಲಸ.

ನಾನು ರೆಕಾರ್ಡಿಂಗುಗಳನ್ನು ಕೇಳಿ ಪಡೆದೆ. ಆ ಪುಟದಲ್ಲಿದ್ದ ಮಾತು ಯಾವ ನಿಮಿಷದ್ದು, ಯಾವ ಪ್ರಶ್ನೆಗೆ ಬಂದ ಉತ್ತರ ಎಂಬುದು ಎಲ್ಲೂ ಇರಲಿಲ್ಲ. ಅದರೊಳಗೆ ಒಂದು ಘಟನೆಯೂ ಇರಲಿಲ್ಲ. ಯಾವತ್ತು, ಯಾರ ಜೊತೆ, ಬರೆಯದೆ ಇದ್ದದ್ದರಿಂದ ಏನು ಕೆಟ್ಟಿತು ಎಂಬುದಿಲ್ಲದ ಮಾತು ಅಭಿಪ್ರಾಯ ಮಾತ್ರ. ಬರೀ ಅಭಿಪ್ರಾಯವನ್ನು ನಂಬಿ ತಿಂಗಳುಗಟ್ಟಲೆಯ ಕೆಲಸ ಶುರು ಮಾಡುವುದು ನನಗೆ ಸರಿ ಕಾಣಲಿಲ್ಲ.

ಪ್ರಶ್ನೆಯ ಸಮೇತ ಇಳಿಸಿದ್ದು

ಒಂದು ಗಂಟೆಯ ಸ್ವಚ್ಛ ರೆಕಾರ್ಡಿಂಗನ್ನು ಅಕ್ಷರಕ್ಕೆ ಇಳಿಸಲು ಸಾಮಾನ್ಯವಾಗಿ ನಾಲ್ಕು ಗಂಟೆ ಬೇಕು. ಇವು ಸ್ವಚ್ಛ ಇರಲಿಲ್ಲ. ಹೆಂಚಿನ ಮೇಲೆ ಬೀಳುವ ಆಷಾಢದ ಮಳೆ, ನಡುನಡುವೆ ಒಳಗಿನಿಂದ ಬರುವ ಇನ್ನೊಂದು ದನಿ, ಫೋನು ಬಂದು ಎದ್ದು ಹೋಗುವುದು. ಹನ್ನೊಂದನ್ನೂ ಅಕ್ಷರಶಃ ಇಳಿಸಲು ತಂಡದ ಬಳಿ ದಿನಗಳಿರಲಿಲ್ಲ. ಹಾಗಾಗಿ ಹನ್ನೊಂದನ್ನೂ ಪೂರ್ತಿ ಕೇಳುವುದು, ಅಕ್ಷರಕ್ಕೆ ಇಳಿಸುವುದು ಮಾತ್ರ ಎರಡು ಬಗೆಯ ಜಾಗಗಳನ್ನು ಎಂದು ತೀರ್ಮಾನಿಸಿದೆವು. ಬೆಳೆಗಾರರು ನಿರ್ದಿಷ್ಟವಾಗಿ ನಡೆದ ಸಂಗತಿಯೊಂದನ್ನು ಹೇಳುವ ಜಾಗ ಒಂದು. "ಕಷ್ಟ", "ಬೇಕು", "ಸಾಕಾಗುತ್ತೆ" ಎಂಬ ಅರ್ಥದ ಮಾತು ಬರುವ ಜಾಗ ಇನ್ನೊಂದು. ಎರಡರಲ್ಲೂ ಅದಕ್ಕೆ ಮುಂಚೆ ಸಂದರ್ಶಕರು ಕೇಳಿದ ಪ್ರಶ್ನೆಯನ್ನು ಬಿಡದೆ ಬರೆಯಬೇಕು. ಮಳೆಯಲ್ಲಿ ಕೇಳಿಸದ ಕಡೆ ಊಹಿಸಿ ತುಂಬುವಂತಿಲ್ಲ, "[ಕೇಳಿಸದು]" ಎಂದು ನಿಮಿಷ ಹಾಕಿ ಬಿಡಬೇಕು.

ನಡೆದ ಸಂಗತಿಗೆ ಇಷ್ಟು ತೂಕ ಕೊಡುವುದು ಹೊಸದೇನಲ್ಲ. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾನಗನ್ 1954ರಲ್ಲೇ ಇದನ್ನು ಒಂದು ಕ್ರಮವಾಗಿ ಬರೆದಿಟ್ಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ವಾಯುಪಡೆಗಾಗಿ ನಡೆದ ಅಧ್ಯಯನಗಳಿಂದ ಬೆಳೆದ ಕ್ರಮವದು. ಕೆಲಸದ ಬಗ್ಗೆ ಜನರ ಅನಿಸಿಕೆಯ ಬದಲು, ಆ ಕೆಲಸ ಗೆದ್ದ ಅಥವಾ ಸೋತ ಒಂದು ಪ್ರಸಂಗವನ್ನು ವಿವರವಾಗಿ ಕೇಳುವುದು ಅದರ ತಿರುಳು.

ಪ್ರಶ್ನೆಯನ್ನೂ ಬರೆದದ್ದರಿಂದ ಮೊದಲ ವಿಷಯ ಹೊರಬಿತ್ತು. ಪ್ರೆಸೆಂಟೇಶನ್ನಿನ ಆ ಮಾತಿನ ಹಿಂದೆ ಇದ್ದದ್ದು ಇದು:

ಸಂದರ್ಶಕ: "ದಿನಾ ಕೂತ್ಕೊಂಡು ಬರೆದಿಡೋಕೆ ಟೈಮ್ ಸಿಗಲ್ಲ ಅನ್ಸುತ್ತೆ, ಅಲ್ವಾ ಸರ್?"
ಬೆಳೆಗಾರ: "ಹೌದು ಹೌದು, ಟೈಮೆಲ್ಲಿ ಸಿಗುತ್ತೆ. ಕೊಯ್ಲಲ್ಲಂತೂ ಕೇಳೋದೇ ಬೇಡ."

ಮನೆಗೆ ಬಂದ ಹುಡುಗ ಇಷ್ಟು ಕಾಳಜಿಯಿಂದ ಕೇಳುವಾಗ "ಇಲ್ಲ, ನನಗೆ ಟೈಮ್ ಇದೆ" ಎನ್ನುವ ಮಲೆನಾಡಿನ ಮನೆಯವರು ಕಡಿಮೆ. ಸಮಯದ ಮಾತಾಡಿದ ಒಂಬತ್ತು ಮಂದಿಯಲ್ಲಿ ಎಂಟು ಮಂದಿಯದು ಇಂಥದೇ ಪ್ರಶ್ನೆಗೆ ಬಂದ ಒಪ್ಪಿಗೆ. ತಾನಾಗಿ ಹೇಳಿದವರು ಒಬ್ಬರು. ಅವರೂ ಹೇಳಿದ್ದು ಲೆಕ್ಕದ ಬಗ್ಗೆ ಅಲ್ಲ, ರಾತ್ರಿ ಸುಲಿತದ ಬಗ್ಗೆ. ಸಂದರ್ಶಕರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಮೊದಲ ಎರಡು ಮನೆಗಳಲ್ಲಿ ಕೇಳಿದ್ದು ತಲೆಯಲ್ಲಿ ಕೂತು ಮೂರನೆಯ ಮನೆಯಿಂದ ಪ್ರಶ್ನೆಯಾಗಿ ಹೊರಬರುತ್ತಿತ್ತು. ರೆಕಾರ್ಡಿಂಗುಗಳನ್ನು ದಿನಾಂಕದ ಕ್ರಮದಲ್ಲಿ ಕೇಳಿದರೆ ಇದು ಸ್ಪಷ್ಟವಾಗಿ ತಿಳಿಯುತ್ತದೆ. ಕ್ರಮ ತಪ್ಪಿಸಿ ಕೇಳಿದರೆ ತಿಳಿಯುವುದಿಲ್ಲ.

ಅದೇ ಮನುಷ್ಯ, ಇನ್ನೊಂದು ನಿಮಿಷ

ಅದೇ ಬೆಳೆಗಾರರ ರೆಕಾರ್ಡಿಂಗಿನಲ್ಲಿ ಮೂವತ್ತೊಂದನೇ ನಿಮಿಷದ ಸುಮಾರಿಗೆ ಪ್ರಶ್ನೆ ಮಂಡಿಯ ಕಡೆ ತಿರುಗಿತ್ತು. ಹೋದ ವರ್ಷ ರಾಶಿ ಇಡಿ ದರ್ಜೆಯ ಕೆಂಪಡಿಕೆ ಎಷ್ಟಾಯಿತು ಎಂದು ಕೇಳಿದ್ದಕ್ಕೆ ಅವರು ಬೇರೆಯೇ ಮಾತು ತೆಗೆದರು:

"ಹೋದ್ವರ್ಷ ಕೊನೆಗಾರ ಲೆಕ್ಕಕ್ಕೆ ಬಂದಾಗ ಪುಸ್ತಕದಲ್ಲಿ [ಮೊತ್ತ] ಮುಂಗಡ ಅಂತಿತ್ತು. ಅವನು ಅಷ್ಟು ಇಸ್ಕಂಡೇ ಇಲ್ಲ ಅಂದ. ನಾನು ಪುಸ್ತಕ ತೋರ್ಸಿದೆ. ಮಾತಿಗೆ ಮಾತು ಬೆಳೀತು. ಆಮೇಲೆ ನೋಡಿದ್ರೆ ಅದ್ರಲ್ಲಿ ಒಂದು ಪಾಲು ಅವನ ಜೊತೆ ಬರ್ತಿದ್ದವನಿಗೆ ಮನೆಯವ್ಳು ಕೊಟ್ಟಿದ್ದು. ಅಷ್ಟೊತ್ತಿಗೆ ಅವನು ಹೋಗಿಯಾಗಿತ್ತು. ಎರಡನೇ ಕೊಯ್ಲಿಗೆ ಬರ್ಲೇ ಇಲ್ಲ. ಕಾಯಿ ಬಲ್ತು ಹಣ್ಣಾಯ್ತು, ಗೋಟಿಗೆ ಹಾಕಿದ್ವಿ."

ತಂಡದ ಟಿಪ್ಪಣಿಯಲ್ಲಿ ಈ ಜಾಗಕ್ಕೆ "ಕೊನೆಗಾರರ ಸಮಸ್ಯೆ, ಆಪ್‌ಗೆ ಸಂಬಂಧವಿಲ್ಲ" ಎಂದು ಬರೆದಿತ್ತು.

ನಮ್ಮ ಕಡೆಯವರಿಗೆ ಇದರ ನಷ್ಟ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ಕೆಂಪಡಿಕೆಗೆ ಎಳೆಯ ಹಸಿರು ಕಾಯೇ ಬೇಕು. ಅದನ್ನು ಸುಲಿದು, ಬೇಯಿಸಿ, ಒಣಗಿಸಬೇಕು. ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು ಹೊತ್ತಿಗೆ ಸಿಗದೆ ಕಾಯಿ ಹಣ್ಣಾದರೆ ಅದು ರಾಶಿಗೆ ಹೋಗುವುದಿಲ್ಲ, ಗೋಟಾಗಿ ಕಡಿಮೆ ದರಕ್ಕೆ ಹೋಗುತ್ತದೆ. ಪುಸ್ತಕದ ಒಂದು ಸಾಲು ತಪ್ಪಿದ್ದಕ್ಕೆ ಇಡೀ ಒಂದು ಕೊಯ್ಲಿನ ದರ್ಜೆ ಬಿದ್ದಿತ್ತು.

ಈ ಮನೆಯಲ್ಲಿ ಬರೆಯುವ ಕೆಲಸ ನಡೆದಿತ್ತು ಎಂಬುದು ಮುಖ್ಯ. ಪುಸ್ತಕ ಇತ್ತು, ಮೊತ್ತ ಇತ್ತು. ಯಾರ ಹೆಸರಿಗೆ, ಯಾರ ಕೈಯಿಂದ ಹೋಯಿತು ಎಂಬುದು ಇರಲಿಲ್ಲ. ಬಾಯಲ್ಲಿ ಹೇಳಿ ಬರೆಸುವ ಸೌಲಭ್ಯ ಇದ್ದಿದ್ದರೆ ಅದೇ ತಪ್ಪು ಸಾಲು ಇನ್ನಷ್ಟು ಬೇಗ ಪುಸ್ತಕ ಸೇರುತ್ತಿತ್ತು.

ಇಂಥ ಜಾಗ ಸಿಕ್ಕಾಗಲೆಲ್ಲ ಅದನ್ನು ಒಂದು ಹಾಳೆಗೆ ಹೀಗೆ ಇಳಿಸಿದೆವು. ಈ ಮನೆಯ ಸಾಲನ್ನೇ ಕೊಡುತ್ತೇನೆ:

- ಸಂಕೇತ ಮತ್ತು ಸಮಯ: ಮ-04, 00:31:12
- ಮುಂಚಿನ ಪ್ರಶ್ನೆ: ಮಂಡಿಗೆ ಹೋದ ಅಡಿಕೆ ಬಗ್ಗೆ. ಮುಂಗಡದ ಪ್ರಸ್ತಾಪ ಸಂದರ್ಶಕರಿಂದ ಬಂದಿಲ್ಲ
- ಬಗೆ: ನಡೆದ ಘಟನೆ
- ತೊಡಕು: ಕೊಯ್ಲಿನ ಲೆಕ್ಕ ಚುಕ್ತಾ ಮಾಡುವಾಗ, ಮನೆಯ ಇಬ್ಬರು ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟ ಮುಂಗಡ ಯಾರಿಗೆ ಹೋಯಿತೆಂದು ಖಾತ್ರಿಪಡಿಸಲು ಮನೆಯವರಿಗೆ ಆಗುವುದಿಲ್ಲ
- ಈಗ ಏನು ಮಾಡುತ್ತಾರೆ: ಪುಸ್ತಕ ತೋರಿಸುತ್ತಾರೆ, ವಾದ ಆಗುತ್ತದೆ
- ಕಳೆದುಕೊಂಡದ್ದು: ಕೊನೆಗಾರ, ಎರಡನೇ ಕೊಯ್ಲು
- ಯಾರ ಕಡೆಯ ಮಾತು: ಮಾಲೀಕರ ಕಡೆ

ತೊಡಕಿನ ಸಾಲನ್ನು ಬರೆಯುವಾಗ ಒಂದು ಕಟ್ಟುನಿಟ್ಟು ಇಟ್ಟುಕೊಂಡೆವು. ಅದರಲ್ಲಿ ಪರಿಹಾರ ನುಸುಳಬಾರದು. "ಮುಂಗಡಕ್ಕೆ ಪ್ರತ್ಯೇಕ ಪುಟ ಇಲ್ಲ" ಎಂದು ಬರೆದರೆ ಅದು ಆಗಲೇ ಒಂದು ಪುಟ ಬೇಕೆಂದು ತೀರ್ಪು ಕೊಟ್ಟ ಹಾಗೆ. ಬೆಳೆಗಾರರೇ "ಇದರಲ್ಲಿ ಫೋಟೋ ಹಾಕೋ ಹಾಗಿದ್ರೆ ಚೆನ್ನಾಗಿತ್ತು" ಎಂದರೆ ಅದನ್ನೂ ತೊಡಕೆಂದು ಬರೆಯದೆ, ಫೋಟೋ ಬೇಕಾಗಿದ್ದ ಸಂದರ್ಭ ಯಾವುದೆಂದು ರೆಕಾರ್ಡಿಂಗಿನಲ್ಲಿ ಹುಡುಕಬೇಕು. ಸಿಗದಿದ್ದರೆ ಫೋನ್ ಮಾಡಿ ಕೇಳಬೇಕು.

ಎರಡು ರೆಕಾರ್ಡಿಂಗುಗಳನ್ನು ನಾನು ಮತ್ತು ತಂಡದ ಡಿಸೈನರ್ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಬೇರೆ ಬೇರೆಯಾಗಿ ಹಾಳೆಗೆ ಇಳಿಸಿ, ಆಮೇಲೆ ಪಕ್ಕಪಕ್ಕ ಇಟ್ಟೆವು. ಘಟನೆಗಳ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಬರಲಿಲ್ಲ. ಬಂದದ್ದು ನಗುವಿನ ವಿಷಯದಲ್ಲಿ. ಒಬ್ಬರು "ಲೆಕ್ಕ ಎಲ್ಲ ನಮ್ದು ಸರಿಯಾಗಿರುತ್ತೆ ಬಿಡಿ" ಎಂದು ನಕ್ಕಿದ್ದನ್ನು ಡಿಸೈನರ್ "ತೊಡಕಿಲ್ಲ" ಎಂದು ಬರೆದಿದ್ದರು. ನನಗೆ ಅದು ಮಾತು ಮುಚ್ಚುವ ನಗು ಎನಿಸಿತ್ತು. ಇಬ್ಬರೂ ಒಪ್ಪದ ಇಂಥ ಸಾಲುಗಳನ್ನು ಎಣಿಕೆಯಿಂದ ಹೊರಗಿಟ್ಟೆವು.

ಎಣಿಸಿದ್ದು ಮನೆಗಳನ್ನು, ಮಾತುಗಳನ್ನಲ್ಲ. ಒಬ್ಬರೇ ಮುಂಗಡದ ವಿಷಯವನ್ನು ಗಂಟೆಯಲ್ಲಿ ಹತ್ತು ಸಲ ಎತ್ತಿದರೂ ಅದು ಒಂದು ಮನೆ. ಹಾಗೆ ಎಣಿಸಿದಾಗ ಚುಕ್ತಾ ಹೊತ್ತಿನ ಜಗಳದ ಘಟನೆ 7 ಮನೆಗಳಲ್ಲಿ ಸಿಕ್ಕಿತು. ಸಮಯ ಸಿಗದೆ ಬರೆಯದೆ ಉಳಿದದ್ದರಿಂದ ಏನಾದರೂ ಕೆಟ್ಟ ಘಟನೆ ಒಂದೂ ಸಿಗಲಿಲ್ಲ.

ಅಡುಗೆಮನೆಯಿಂದ ಬಂದ ಮಾತು

ಒಂದು ರೆಕಾರ್ಡಿಂಗಿನಲ್ಲಿ ಸಂದರ್ಶನ ಮುಗಿದು "ತುಂಬಾ ಥ್ಯಾಂಕ್ಸ್ ಸರ್" ಎಂದಾದ ಮೇಲೂ ಫೋನು ಮೇಜಿನ ಮೇಲೆ ಓಡುತ್ತಲೇ ಇತ್ತು. ಕಾಫಿ ತಂದ ಮನೆಯಾಕೆ ಅಲ್ಲಿವರೆಗೆ ನಡೆದ ಮಾತನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ನಿಂತುಕೊಂಡೇ ನಾಲ್ಕು ವಾಕ್ಯ ಹೇಳಿದರು. ಆ ನಾಲ್ಕು ವಾಕ್ಯದಲ್ಲಿ ಏಳು ಮನೆಗಳ ಜಗಳಕ್ಕೂ ಕಾರಣ ಇತ್ತು. ಪುಸ್ತಕ ಬರೆಯುವವರು ಅವರು, ಹಣ ಕೊಡುವವರು ಹೆಚ್ಚಾಗಿ ಗಂಡ. ಎರಡರ ನಡುವೆ ಅರ್ಧ ದಿನವೋ ಎರಡು ದಿನವೋ ಕಳೆದಿರುತ್ತದೆ.

ಡಿಸೈನರ್ ಅದನ್ನು ಕೇಳಿ, "ಸರ್, ಇದೊಂದು ಕೋಟ್ ಸಾಕು, ಇಡೀ ಪ್ರೆಸೆಂಟೇಶನ್ ಇದರ ಮೇಲೆ ನಿಲ್ಲುತ್ತೆ" ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಆದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವರು ಗಂಡ. ರೆಕಾರ್ಡಿಂಗ್ ಮುಗಿಯಿತು ಎಂದುಕೊಂಡಿದ್ದ ಹೊತ್ತಿನಲ್ಲಿ ಆಕೆ ಮಾತಾಡಿದ್ದರು. ಕಾನೂನಿನ ಮಾತು ಬೇಕಿದ್ದರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ತಿಳಿಸಿ ಪಡೆಯಬೇಕು, ಯಾವ ಉದ್ದೇಶಕ್ಕೆಂದು ಹೇಳಬೇಕು, ಕೊಟ್ಟವರು ಹಿಂದಕ್ಕೆ ಪಡೆಯಲೂ ಬಿಡಬೇಕು ಎನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ಒಬ್ಬ ಹೆಂಗಸು ತನ್ನ ಮನೆಯಲ್ಲಿ ಕಾಫಿ ಕೊಡುತ್ತ ಆಡಿದ ಮಾತನ್ನು ಅವರಿಗೆ ಹೇಳದೆ ಕಂಪನಿಯ ಗೋಡೆಗೆ ಹಚ್ಚುವುದು ನನ್ನಿಂದಾಗದು.

ನಾನು ಮತ್ತು ಡಿಸೈನರ್ ಮತ್ತೆ ಅವರ ಮನೆಗೆ ಹೋದೆವು. "ಅಮ್ಮ, ಅವತ್ತು ನೀವು ಹೇಳಿದ್ದು ಇದರಲ್ಲಿ ಉಳಿದುಬಿಟ್ಟಿದೆ. ಓದಿ ಹೇಳ್ತೀನಿ. ಬೇಡ ಅಂದ್ರೆ ಇಲ್ಲೇ ಅಳಿಸ್ತೀನಿ" ಎಂದು ಕಾಗದದಲ್ಲಿ ಬರೆದದ್ದನ್ನು ಓದಿದೆ.

"ಅಯ್ಯೋ, ಇದನ್ನೆಲ್ಲ ಬರ್ಕಂಡಿದೀರಾ! ಹೇಳಿದ್ದು ಹೌದು. ಮೊದಲ್ನೇದು ಬೇಡ, ಯಾರಾದ್ರು ಓದಿದ್ರೆ ಅವ್ರಿಗೆ ಬೇಜಾರಾಗುತ್ತೆ. ಉಳಿದಿದ್ದು ಇರ್ಲಿ."

ಅವರು ತೆಗೆಸಿದ್ದು ನಾಲ್ಕರಲ್ಲಿ ಎಲ್ಲಕ್ಕಿಂತ ಚುರುಕಾದ ವಾಕ್ಯ. ಅದಕ್ಕೇ ಅದು ಇಲ್ಲಿಯೂ ಇಲ್ಲ. ಉಳಿದದ್ದು ಇದು: "ರಾತ್ರಿ ಊಟಕ್ಕೆ ಕೂತಾಗ ನೆನಪಾದ್ರೆ ಹೇಳ್ತಾರೆ, ನಾನು ಬರೀತೀನಿ. ನೆನಪಾಗ್ಲಿಲ್ಲ ಅಂದ್ರೆ ಪುಸ್ತಕಕ್ಕೂ ಗೊತ್ತಿಲ್ಲ. ಮಗ ಫೋನಲ್ಲಿ ಹಾಕಿದ್ದು ಬೇರೆ." ವಿನ್ಯಾಸಕ್ಕೆ ಬೇಕಾದದ್ದೆಲ್ಲ ಇದರಲ್ಲೇ ಇದೆ. ಯಾವ ಹೊತ್ತಿನಲ್ಲಿ ಬರೆಯುತ್ತಾರೆ, ಯಾರು ಬರೆಯುತ್ತಾರೆ, ಮೂರನೆಯ ಕೈ ಯಾವುದು. ತೆಗೆದ ವಾಕ್ಯ ಕೇಳಲು ಚೆನ್ನಾಗಿತ್ತು, ಅದು ಹೋದದ್ದರಿಂದ ಒಂದು ವಿವರವೂ ಹೋಗಲಿಲ್ಲ.

ಕೋಟ್ ತಿದ್ದುವ ನಿಯಮವನ್ನೂ ಆಗಲೇ ಗಟ್ಟಿ ಮಾಡಿಕೊಂಡೆವು. "ಅಂದ್ರೆ", "ಮತ್ತೆ", "ಏನಂತೀರಿ" ಥರದವು ಪದೇಪದೇ ಬಂದರೆ ತೆಗೆಯಬಹುದು. ಅವರಾಡಿದ ಪದ ಬದಲಿಸುವಂತಿಲ್ಲ, ಪುಸ್ತಕದ ಭಾಷೆಗೆ ಏರಿಸುವಂತಿಲ್ಲ. ಬೇರೆ ಬೇರೆ ನಿಮಿಷದ ಎರಡು ತುಂಡು ಸೇರಿಸಿ ಒಂದೇ ಮಾತು ಮಾಡುವಂತಿಲ್ಲ. ಉತ್ತರ ಪ್ರಶ್ನೆಯ ಪದವನ್ನೇ ಹಿಡಿದಿದ್ದರೆ ಪ್ರಶ್ನೆಯನ್ನೂ ಜೊತೆಗೆ ಮುದ್ರಿಸಬೇಕು.

ಸಭೆಯಲ್ಲಿ

ಪ್ರಾಡಕ್ಟ್ ಮ್ಯಾನೇಜರ್ ಸುಲಭಕ್ಕೆ ಒಪ್ಪಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. "ಒಂಬತ್ತು ಮಂದಿ ಹೇಳಿದ್ದನ್ನ ಬಿಟ್ಟು ಏಳು ಮಂದಿ ಹೇಳಿದ್ದನ್ನ ಯಾಕೆ ಹಿಡೀಬೇಕು?" ಎಂಬುದು ಅವರ ಪ್ರಶ್ನೆ. ಮೂರು ಕಿರು ತುಣುಕು ಕೇಳಿಸಿದರೆ ತಾನೇ ತಿಳಿಯುತ್ತದೆ ಎಂದು ಡಿಸೈನರ್ ಮೊದಲನೆಯದನ್ನು ಹಾಕಿದರು. ಹತ್ತು ಸೆಕೆಂಡಿನಲ್ಲಿ ಎಂಜಿನಿಯರ್ ಒಬ್ಬರು ತಲೆ ಎತ್ತಿ, "ಇವರು ನಮ್ಮ ಕಡೆಯವರು ಅನ್ಸುತ್ತೆ, ದನಿ ಗೊತ್ತು" ಎಂದರು. ಕೂಡಲೇ ನಿಲ್ಲಿಸಿದೆವು.

ನಗರದ ತಂಡಗಳಿಗೆ ಹೊಳೆಯದ ಸಂಗತಿ ಇದು. ಮಲೆನಾಡಿನಲ್ಲಿ ಹೆಸರು ತೆಗೆದರೆ ಗುರುತು ಹೋಗುವುದಿಲ್ಲ. ತಾಲ್ಲೂಕು, ಎಷ್ಟು ಎಕರೆ, ಮಗ ಬೆಂಗಳೂರಲ್ಲಿದ್ದಾನೆ, ಹೋದ ವರ್ಷ ಕೊನೆಗಾರನ ಜೊತೆ ಜಗಳ, ಇಷ್ಟು ಸಾಕು ಮನೆ ಯಾವುದೆಂದು ಹೇಳಲು. ದನಿಯಂತೂ ಹೆಸರೇ. ಅವತ್ತಿನಿಂದ ರೆಕಾರ್ಡಿಂಗುಗಳು ಇಬ್ಬರ ಬಳಿ ಮಾತ್ರ ಉಳಿದವು. ಹಾಳೆಯಿಂದ ತಾಲ್ಲೂಕು ಮತ್ತು ಎಕರೆ ಹೋದವು. ಕೋಟಿನೊಳಗಿನ ಹಣದ ಸಂಖ್ಯೆಯನ್ನು ಬೇರೆ ಸಂಖ್ಯೆಗೆ ಬದಲಿಸದೆ "[ಮೊತ್ತ]" ಎಂದು ಮಾಡಿದೆವು. ಸುಳ್ಳು ಸಂಖ್ಯೆ ಹಾಕಿದರೆ ಮುಂದೊಮ್ಮೆ ಯಾರಾದರೂ ಅದನ್ನೇ ನಂಬಿ ಲೆಕ್ಕ ಮಾಡುತ್ತಾರೆ.

ಕೇಳಿಸುವ ಬದಲು ಎರಡು ಕಾಗದ ಹಂಚಿದೆವು. ಒಂದರಲ್ಲಿ ಸಮಯದ ಬಗ್ಗೆ ಬಂದ ಒಂಬತ್ತು ಉತ್ತರಗಳು, ಪ್ರತಿಯೊಂದರ ಮೇಲೆ ಅದರ ಪ್ರಶ್ನೆ. ಇನ್ನೊಂದರಲ್ಲಿ ಏಳು ಘಟನೆಗಳು, ಅವುಗಳ ಮೇಲೆ ಅವುಗಳ ಪ್ರಶ್ನೆ. ಮ್ಯಾನೇಜರ್ ಮೊದಲ ಕಾಗದವನ್ನು ಎರಡು ಸಲ ಓದಿ, "ಇದರಲ್ಲಿ ಒಂದು ಬಿಟ್ಟು ಎಲ್ಲಾ ಕಡೆ ಟೈಮ್ ಅಂತ ಮೊದಲು ಹೇಳಿರೋದು ನಾವೇ" ಎಂದರು. ಬಾಯಲ್ಲಿ ಬರೆಸುವ ಕೆಲಸವನ್ನು ಅಲ್ಲಿಗೆ ಮುಂದೂಡಿದರು.

ಹೊಸ ಮಾದರಿ, ಮತ್ತು ಅದು ತೋರಿಸಿದ್ದು

ಕಾಗದದ ಮೇಲೆ ಹೊಸ ಮಾದರಿ ಬಂತು. ಮುಂಗಡ ಕೊಟ್ಟ ತಕ್ಷಣ ಯಾರು ಕೊಟ್ಟರು, ಯಾರಿಗೆ ಎಂದು ಆರಿಸಬೇಕು. ಮನೆಯ ಎಲ್ಲ ಫೋನುಗಳಲ್ಲೂ ಅದೇ ಲೆಕ್ಕ ಕಾಣಬೇಕು. ಪಡೆದವರ ಫೋನಿಗೆ ವಾಟ್ಸಾಪ್ ಸಂದೇಶ ಹೋಗಬೇಕು. ಮಾಲೀಕರ ಮನೆಗಳಲ್ಲಿ ಎಲ್ಲರೂ ಇಷ್ಟಪಟ್ಟರು.

ಆಗ ಹಾಳೆಯ ಕೊನೆಯ ಅಂಕಣ ಕಣ್ಣಿಗೆ ಬಿತ್ತು: ಯಾರ ಕಡೆಯ ಮಾತು. ಏಳೂ ಸಾಲಿನಲ್ಲಿ ಮಾಲೀಕರ ಕಡೆ. ಎಷ್ಟು ಸಂದರ್ಶನ ಸಾಕು ಎಂಬುದಕ್ಕೆ 2006ರಲ್ಲಿ ಗೆಸ್ಟ್, ಬನ್ಸ್, ಜಾನ್ಸನ್ ಎಂಬ ಸಂಶೋಧಕರು ಮಾಡಿದ ಅಧ್ಯಯನವನ್ನು ಈ ಕ್ಷೇತ್ರದಲ್ಲಿ ಹೆಚ್ಚಾಗಿ ಉದಾಹರಿಸುತ್ತಾರೆ. ಘಾನಾ ಮತ್ತು ನೈಜೀರಿಯಾದ 60 ಸಂದರ್ಶನಗಳನ್ನು ನೋಡಿದಾಗ ಬಹುಪಾಲು ವಿಷಯಗಳು ಮೊದಲ 12ರೊಳಗೇ ಬಂದಿದ್ದವು. ಹನ್ನೆರಡು ಸಾಕು ಎಂದು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ, ಒಂದೇ ಬಗೆಯ ಜನರಾಗಿದ್ದರೆ ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ನಮ್ಮ ಹನ್ನೊಂದರಲ್ಲಿ ಏಳನೆಯ ಮನೆಯ ನಂತರ ಹೊಸದೇನೂ ಬಂದಿರಲಿಲ್ಲ. ಹನ್ನೊಂದೂ ಒಂದೇ ಕಡೆಯವರಾಗಿದ್ದದ್ದು ಅದಕ್ಕೊಂದು ಕಾರಣ.

ಕೊನೆಗಾರರು ಮತ್ತು ಸುಲಿಯಲು ಹೋಗುವವರಲ್ಲಿ ನಾಲ್ವರನ್ನು ಮಾತಾಡಿಸಿದೆವು, ಮಾಲೀಕರ ಅಂಗಳದಿಂದ ದೂರದಲ್ಲಿ, ಅವರ ಮನೆಗಳಲ್ಲೇ. ಸಂದೇಶ ಬೇಡ ಎಂದವರು ಇಬ್ಬರು. ಒಬ್ಬರ ಫೋನು ಮನೆಯಲ್ಲಿ ಮಕ್ಕಳ ಬಳಿ ಇರುತ್ತದೆ. ಇನ್ನೊಬ್ಬರು ಹೇಳಿದ್ದು: "ಎಷ್ಟು ಇಸ್ಕಂಡೆ ಅಂತ ಫೋನಲ್ಲಿ ಉಳಿದ್ರೆ ಎಲ್ರೂ ನೋಡ್ತಾರೆ. ಕೊಡೋ ಹೊತ್ತಿಗೆ ಬಾಯಲ್ಲಿ ಹೇಳ್ಲಿ, ಇಷ್ಟಾಯ್ತು ಅಂತ." ಅವರಿಗೂ ಚುಕ್ತಾ ದಿನ ಕಷ್ಟದ ದಿನವೇ. ಅದಕ್ಕೆ ಅವರು ಕೊಟ್ಟ ಕಾರಣ, ಒಟ್ಟು ಮುಂಗಡ ಎಷ್ಟೆಂದು ಕೊಯ್ಲು ಮುಗಿಯುವವರೆಗೂ ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾಗಿ ಸಂದೇಶವನ್ನು ಕೇಳಿದವರಿಗೆ ಮಾತ್ರ ಎಂದು ಬದಲಿಸಿದರು. ಅದರ ಬದಲು ಹಣ ಕೊಡುವ ಪರದೆಯ ಮೇಲೆ ಆ ವ್ಯಕ್ತಿಗೆ ಇದುವರೆಗೆ ಹೋದ ಒಟ್ಟು ಮೊತ್ತ ದೊಡ್ಡದಾಗಿ ಕಾಣುತ್ತದೆ. ಕೊಡುವವರು ಅದನ್ನು ತೋರಿಸಿ, ಓದಿ ಹೇಳಿ ಹಣ ಕೊಡಬಹುದು.

ಒಂದು ಕೊಯ್ಲಿನ ಕಾಲ ಮುಗಿದ ಮೇಲೆ ಅದೇ ಮನೆಗಳಿಗೆ ಫೋನ್ ಮಾಡಿದಾಗ ಚಿತ್ರ ಎರಡು ಬಗೆಯಲ್ಲಿತ್ತು. ಗಂಡ ಹೆಂಡತಿ ಇಬ್ಬರ ಬಳಿಯೂ ಸ್ಮಾರ್ಟ್‌ಫೋನ್ ಇದ್ದ ಮನೆಗಳಲ್ಲಿ ಮುಂಗಡದ ಪುಟ ಬಳಕೆಯಲ್ಲಿತ್ತು, ಚುಕ್ತಾ ಮಾತಿಲ್ಲದೆ ಮುಗಿದಿತ್ತು. ಒಂದೇ ಫೋನ್ ಇದ್ದ ಮನೆಗಳು, ತೋಟದಲ್ಲಿ ಸಿಗ್ನಲ್ ಸಿಗದ ಮನೆಗಳು ಪುಸ್ತಕಕ್ಕೇ ಮರಳಿದ್ದವು. ಅವುಗಳಲ್ಲಿ ಎರಡು ಮನೆಯವರು ಪುಸ್ತಕದಲ್ಲೇ "ಯಾರಿಗೆ, ಯಾರಿಂದ" ಎಂದು ಎರಡು ಗೆರೆ ಎಳೆದುಕೊಂಡಿದ್ದರು. ಅದನ್ನು ತಂಡ ಯಾವ ಎಣಿಕೆಗೆ ಸೇರಿಸಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಒಪ್ಪಿಗೆ ಪತ್ರದಲ್ಲಿ ಹೇಳಿದ್ದ ಅವಧಿ ಮುಗಿದಾಗ ರೆಕಾರ್ಡಿಂಗುಗಳನ್ನು ಅಳಿಸಿದರು. ಉಳಿದಿರುವುದು ಹಾಳೆ ಮಾತ್ರ. ಹೊಸದಾಗಿ ಸೇರಿದವರಿಗೆ ಒಂದು ಕೋಟ್ ಬಗ್ಗೆ ಅನುಮಾನ ಬಂದರೆ ಮತ್ತೆ ಕೇಳಿ ನೋಡಲು ದನಿ ಇಲ್ಲ. ಹೀಗಾಗಿ ಅಳಿಸುವ ಮುನ್ನ ಪ್ರತಿ ಕೋಟಿನ ಹಿಂದಿನ ಎರಡು ಮೂರು ಸಾಲು ಸಂಭಾಷಣೆಯನ್ನು ಡಿಸೈನರ್ ಇನ್ನೊಮ್ಮೆ ಕೇಳಿ, ಗುರುತು ತೆಗೆದು, ಹಾಳೆಗೆ ಸೇರಿಸಿದರು.